ಯಜಮಾನ್ರು ಬರೆದುಕೊಡೋ ಎನ್‌ಒಸಿ: ವೀಸಾ ಫೈಲ್‌ನಲ್ಲಿ ಒಂದು ಹಾಳೆ ಮಾಡೋ ಕೆಲಸ, ಮಾಡೋ ಕಿತಾಪತಿ

(ಈ ವಾರದ ಸಂಚಿಕೆಯ ಬರಹ ರೂಪ)

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ತೋಟದಲ್ಲಿ ಮೋಟರ್ ಆನ್ ಮಾಡಿ ಕಾಯ್ತಾ ಇದ್ದೀರೋ ಗೊತ್ತಿಲ್ಲ. ಇವತ್ತಿನ ವಿಷಯ ಒಂದೇ ಒಂದು ಹಾಳೆ. ಕೆಲಸ ಮಾಡ್ತಾ ಇರೋರು ಓದೋಕೆ ಅಂತ ಹೊರದೇಶಕ್ಕೆ ಅರ್ಜಿ ಹಾಕಿದಾಗ ಮಾಲೀಕರಿಂದ ತರೋ ಪತ್ರ. ನಮ್ಮ ಕಡೆ ಎಲ್ಲರೂ ಅದನ್ನ ಎನ್‌ಒಸಿ ಅಂತಾರೆ.

ತುರುವೇಕೆರೆ ಕಡೆಯ ನನ್ನ ಗೆಳತಿಯೊಬ್ಬಳು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದಳು. ಬಿಕಾಂನಲ್ಲಿ ನನ್ನ ಜೊತೆಯವಳೇ. ಡಬ್ಲಿನ್‌ನಲ್ಲಿ ಒಂದು ವರ್ಷದ ಅಕೌಂಟಿಂಗ್ ಮಾಸ್ಟರ್ಸ್‌ಗೆ ಸೀಟು ಸಿಕ್ತು. ಫೀಸಿನ ಮೊದಲ ಕಂತು ಕಟ್ಟಿದ್ದು ಅವರಪ್ಪ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿಸಿದ ಉಂಡೆ ಕೊಬ್ಬರಿ ಮಾರಿ ಬಂದ ದುಡ್ಡು ಅದು. ಅರ್ಜಿ ಕೊಡೋ ಹಿಂದಿನ ದಿನ ಸಂಜೆ ಫೈಲ್ ತಂದು ನನ್ನ ಮುಂದಿಟ್ಟು, "ಒಂದ್ಸಲ ನೋಡೋ" ಅಂದಳು. ಎಲ್ಲಾ ಸರಿ ಇತ್ತು, ಯಜಮಾನ್ರ ಪತ್ರ ಒಂದು ಬಿಟ್ಟು.

ಪತ್ರದಲ್ಲಿ ಸಾರಾಂಶವಾಗಿ ಹೀಗಿತ್ತು: "ಇವರು 2020ರಿಂದ ನಮ್ಮಲ್ಲಿ ಕೆಲಸದಲ್ಲಿದ್ದಾರೆ. ತಿಂಗಳ ಸಂಬಳ 25,000 ರೂಪಾಯಿ. ಇವರಿಗೆ ಒಂದು ವರ್ಷ ರಜೆ ಮಂಜೂರಾಗಿದೆ. ವಾಪಸ್ ಬಂದು ಕೆಲಸಕ್ಕೆ ಸೇರುತ್ತಾರೆಂದು ನಾವು ಖಾತ್ರಿ ಕೊಡುತ್ತೇವೆ. ಖರ್ಚನ್ನೂ ನೋಡಿಕೊಳ್ಳುತ್ತೇವೆ. ದಯವಿಟ್ಟು ವೀಸಾ ಕೊಡಿ." ಓದಿದರೆ ಎಷ್ಟು ಒಳ್ಳೇ ಮನುಷ್ಯ ಅನ್ಸುತ್ತೆ, ನಿಜಕ್ಕೂ ಒಳ್ಳೇವ್ರೇ. ಆದ್ರೆ ಅದರಲ್ಲಿ ಹೆಚ್ಚುಕಮ್ಮಿ ಪ್ರತಿ ಸಾಲೂ ಫೈಲ್‌ನ ಬೇರೆ ಯಾವುದೋ ಕಾಗದದ ಜೊತೆ ಜಗಳ ಆಡ್ತಿತ್ತು.

ಮೊದಲು, ಈ ಪತ್ರ ಯಾಕೆ?

ಪ್ರವಾಸಕ್ಕೆ ಹೋಗೋರು ಕೊಡೋ ಪತ್ರ ಬೇರೆ, ಓದೋಕೆ ಹೋಗೋರು ಕೊಡೋ ಪತ್ರ ಬೇರೆ. ಎಡವಟ್ಟು ಶುರುವಾಗೋದೇ ಇಲ್ಲಿ. ಪ್ರವಾಸದ ವೀಸಾದಲ್ಲಿ ಅಧಿಕಾರಿಗೆ ಬೇಕಾಗಿರೋದು: ಇವರಿಗೆ ಕೆಲಸ ಇದೆ, ಇಷ್ಟು ದಿನ ರಜೆ ಸಿಕ್ಕಿದೆ, ಇಂಥ ದಿನ ವಾಪಸ್ ಕೆಲಸಕ್ಕೆ ಬರ್ತಾರೆ. ಇಂಟರ್ನೆಟ್‌ನಲ್ಲಿ ಸಿಗೋ ಎನ್‌ಒಸಿ ಮಾದರಿಗಳಲ್ಲಿ ಹೆಚ್ಚಿನವು ಈ ಜಾತಿಯವು. ನಮ್ಮ ಯಜಮಾನ್ರ ಮಗ ಡೌನ್‌ಲೋಡ್ ಮಾಡಿದ್ದೂ ಅದನ್ನೇ.

ಓದೋ ವೀಸಾದಲ್ಲಿ ಪ್ರಶ್ನೆ ಬೇರೆ. ಐರ್ಲೆಂಡ್ ಉದಾಹರಣೆಯನ್ನೇ ತಗೊಳ್ಳಿ. ನಿಮ್ಮ ಹಿಂದಿನ ಓದು ಮುಗಿದ ಮೇಲೆ ಅರ್ಜಿ ಹಾಕೋ ತನಕ ಖಾಲಿ ಅವಧಿ ಇದ್ದರೆ, ಆ ಸಮಯದಲ್ಲಿ ಏನು ಮಾಡ್ತಿದ್ರಿ ಅಂತ ವಿವರ ಕೊಡಬೇಕು. ಅಲ್ಲಿ ಮಾಲೀಕರ ಪತ್ರ ಆ ವರ್ಷಗಳಿಗೆ ಸಾಕ್ಷಿ. ಹಾಗಾಗಿ ಅದರ ಮುಖ್ಯ ಕೆಲಸ "ನಮ್ಮ ಅಭ್ಯಂತರ ಇಲ್ಲ" ಅನ್ನೋದಲ್ಲ. ಯಾವತ್ತಿಂದ ಯಾವತ್ತಿನವರೆಗೆ, ಏನು ಕೆಲಸ, ಎಷ್ಟು ಸಂಬಳ, ಈಗ ಕೆಲಸ ಬಿಡ್ತಾ ಇದ್ದಾರಾ ಅಥವಾ ರಜೆನಾ ಅನ್ನೋದು. ಅಭ್ಯಂತರ ಇಲ್ಲ ಅನ್ನೋದು ಕೊನೇ ಒಂದು ಸಾಲು.

ದಿನಾಂಕ

ಗೆಳತಿಯ ಡಿಗ್ರಿ ಮುಗಿದಿದ್ದು 2020ರಲ್ಲಿ, ಲಾಕ್‌ಡೌನ್ ವರ್ಷ. ಮಂಡಿಗೆ ಸೇರಿದ್ದು 2021ರ ಜನವರಿಯಲ್ಲಿ. ಯಜಮಾನ್ರು "ಮಧ್ಯ ಗ್ಯಾಪ್ ಕಾಣ್ಬಾರ್ದು ಕಣಮ್ಮ" ಅಂತ ಪ್ರೀತಿಯಿಂದಲೇ 2020 ಅಂತ ಹಾಕಿಸಿದ್ದರು. ಆದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಮೊದಲ ಸಂಬಳ ಬಿದ್ದಿದ್ದು 2021ರ ಫೆಬ್ರವರಿಯಲ್ಲಿ. ಅವಳೇ ತುಂಬಿದ ಆನ್‌ಲೈನ್ ಅರ್ಜಿಯಲ್ಲೂ ಜನವರಿ ಅಂತಲೇ ಇದೆ. ಒಂದು ಫೈಲು, ಎರಡು ಉತ್ತರ.

ಆ ಖಾಲಿ ತಿಂಗಳುಗಳನ್ನ ಮುಚ್ಚೋ ಅಗತ್ಯವೇ ಇರಲಿಲ್ಲ. ಲಾಕ್‌ಡೌನ್, ಮನೇಲಿದ್ದೆ, ತೋಟದ ಕೆಲಸ ನೋಡ್ಕೊಂಡೆ, ಕೆಲಸ ಹುಡುಕ್ತಿದ್ದೆ ಅಂತ ಅವಳು ತನ್ನ ವಿವರಣೆ ಪತ್ರದಲ್ಲಿ ಎರಡು ಸಾಲು ಬರೆದರೆ ಮುಗೀತು. ಇನ್ನು ನಿಮಗೆ ಪಿಎಫ್ ಇದ್ದರೆ, ಪತ್ರ ಬರೆಸೋ ಮೊದಲು ಇಪಿಎಫ್‌ಒ ಪೋರ್ಟಲ್‌ನಲ್ಲಿ ನಿಮ್ಮ ಸರ್ವೀಸ್ ಹಿಸ್ಟರಿ ತೆಗೆದು ನೋಡಿ. ಅಲ್ಲಿರೋ ಸೇರಿದ ದಿನಾಂಕಕ್ಕೂ ನಿಜವಾಗಿ ಸೇರಿದ ದಿನಕ್ಕೂ ವ್ಯತ್ಯಾಸ ಇದ್ದರೆ, ಯಾಕೆ ಅಂತ ಪತ್ರದಲ್ಲೇ ಒಂದು ಸಾಲು ಹಾಕಿಸಿ. ಇಪ್ಪತ್ತಕ್ಕಿಂತ ಕಡಿಮೆ ಜನ ಇರೋ ಜಾಗದಲ್ಲಿ ಪಿಎಫ್ ಸಾಮಾನ್ಯವಾಗಿ ಕಡ್ಡಾಯ ಅಲ್ಲ. ಹಾಗಾಗಿ ಮಂಡಿ ಹುಡುಗರು, ಪಿಎಫ್ ಇಲ್ಲ ಅಂತ ಗಾಬರಿ ಆಗ್ಬೇಡಿ.

ಸಂಬಳ

ಪತ್ರದಲ್ಲಿ 25,000. ಬ್ಯಾಂಕಿಗೆ ಬರ್ತಿದ್ದಿದ್ದು 17,000. ಉಳಿದದ್ದು ಕೈಗೆ. ಇದು ನಮ್ಮೂರಲ್ಲಿ ಹೊಸದೇನಲ್ಲ. ಅಂದ್ರೆ 25,000 ಸುಳ್ಳಲ್ಲ. ಆದ್ರೆ ಸ್ಟೇಟ್‌ಮೆಂಟ್ ನೋಡೋ ಅಧಿಕಾರಿಗೆ ಅದು ಗೊತ್ತಾಗೋದು ಹೇಗೆ?

ದಾರಿ ಎರಡು. ಒಂದು, ಎರಡನ್ನೂ ಬಿಡಿಸಿ ಬರೆಯೋದು: ಇಷ್ಟು ಬ್ಯಾಂಕ್ ಮೂಲಕ, ಇಷ್ಟು ನಗದು, ನಗದಿಗೆ ಸಹಿ ಮಾಡಿದ ವೋಚರ್ ಇದೆ. ಆಗ ವೋಚರ್‌ಗಳ ನಕಲೂ ಫೈಲ್‌ಗೆ ಹೋಗಬೇಕು. ಎರಡು, ಸಾಬೀತು ಮಾಡೋಕೆ ಆಗೋ ಮೊತ್ತ ಮಾತ್ರ ಬರೆಯೋದು. ಮಂಡಿಯಲ್ಲಿ ವೋಚರ್ ಸರಿಯಾಗಿ ಇಟ್ಟಿರಲಿಲ್ಲ. ನಾವು ಎರಡನೇ ದಾರಿ ಹಿಡಿದು 17,000 ಅಂತ ಹಾಕಿಸಿದ್ವಿ. ಅವಳಿಗೆ ಬೇಜಾರಾಯ್ತು, "ಇಷ್ಟು ಕಡಿಮೆನಾ" ಅಂತ. ಆದ್ರೆ ಅವಳ ಓದಿನ ಖರ್ಚು ತೋರಿಸ್ತಾ ಇದ್ದಿದ್ದು ಅಪ್ಪನ ಖಾತೆ ಮತ್ತು ಎಜುಕೇಶನ್ ಲೋನ್, ಸಂಬಳ ಅಲ್ಲ. ಈ ಪತ್ರದಲ್ಲಿ ಸಂಬಳ ದೊಡ್ಡದಾಗಿ ಕಾಣೋದ್ರಿಂದ ಲಾಭ ಏನೂ ಇರಲಿಲ್ಲ.

ಅದೇ ಕಾರಣಕ್ಕೆ "ಖರ್ಚು ನಾವೇ ನೋಡಿಕೊಳ್ಳುತ್ತೇವೆ" ಅನ್ನೋ ಸಾಲನ್ನ ಹೊಡೆದು ಹಾಕಿದ್ವಿ. ಆ ಸಾಲು ಬರೆದ ತಕ್ಷಣ ಯಜಮಾನ್ರು ಪ್ರಾಯೋಜಕರಾಗ್ತಾರೆ. ಹಾಗಾದ್ರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ ಅನ್ನೋ ಪ್ರಶ್ನೆ ಬರುತ್ತೆ.

ರಜೆನಾ, ರಾಜೀನಾಮೆನಾ?

ಅವಳು ಜುಲೈ 31ಕ್ಕೆ ಕೆಲಸ ಬಿಡೋದು ಅಂತ ಮಾತಾಗಿತ್ತು. ಪತ್ರದಲ್ಲಿ ಮಾತ್ರ ಒಂದು ವರ್ಷ ರಜೆ, ಆಮೇಲೆ ವಾಪಸ್, ಅದೂ ಖಾತ್ರಿ. ಅವಳ ವಿವರಣೆ ಪತ್ರದಲ್ಲಿ "ಓದು ಮುಗಿಸಿ ಬಂದು ಬೆಂಗಳೂರಿನ ಆಡಿಟ್ ಸಂಸ್ಥೆಗಳಲ್ಲಿ ಕೆಲಸ ಹುಡುಕ್ತೀನಿ" ಅಂತಿದೆ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ.

"ಖಾತ್ರಿ" ಅನ್ನೋ ಪದವನ್ನ ಮಾಲೀಕರು ತಮ್ಮ ಹಿತಕ್ಕಾಗಿಯೂ ಬರೀಬಾರ್ದು. ಇನ್ನೊಬ್ಬರು ಮುಂದಿನ ವರ್ಷ ಎಲ್ಲಿರ್ತಾರೆ ಅಂತ ಯಾರೂ ಬರೆದುಕೊಡೋಕಾಗಲ್ಲ. ನಿಜಕ್ಕೂ ವಾಪಸ್ ತಗೊಳ್ಳೋ ಮನಸ್ಸಿದ್ದರೆ "ಓದು ಮುಗಿಸಿ ಬಂದು ಅರ್ಜಿ ಹಾಕಿದರೆ ಸಂತೋಷದಿಂದ ಪರಿಶೀಲಿಸುತ್ತೇವೆ" ಅಂದ್ರೆ ಸಾಕು. ಹಾಗೇ ಬಾಂಡ್, ಕೊಡಬೇಕಾದ ಬಾಕಿ, ನೋಟಿಸ್ ಅವಧಿಯ ತಕರಾರು, ಮದುವೆ, ಮನೆತನ, ಜಾತಿ, "ತುಂಬಾ ಒಳ್ಳೇ ಹುಡುಗಿ" ಅನ್ನೋದು ಯಾವುದೂ ಇದರಲ್ಲಿ ಬೇಡ. ಬಾಕಿ ಇದ್ದರೆ ಅದು ನಿಮ್ಮ ನಿಮ್ಮಲ್ಲಿ ಬೇರೆ ಕಾಗದ. "ವೀಸಾ ಕೊಡಿ" ಅನ್ನೋ ಬೇಡಿಕೆಯೂ ಬೇಡ. ಅದು ಅರ್ಜಿದಾರರು ಕೇಳೋದು.

ಲೆಟರ್‌ಹೆಡ್: ನಮ್ಮೂರಿನ ನಿಜವಾದ ತಲೆನೋವು

ಐರ್ಲೆಂಡ್‌ನವರು ಈ ವಿಷಯದಲ್ಲಿ ಸ್ಪಷ್ಟ. ಸಂಸ್ಥೆಯ ಪತ್ರ ಲೆಟರ್‌ಹೆಡ್ ಮೇಲಿರಬೇಕು. ಅಂಚೆ ವಿಳಾಸ, ಸಂಪರ್ಕಿಸಬೇಕಾದವರ ಹೆಸರು ಮತ್ತು ಹುದ್ದೆ, ಲ್ಯಾಂಡ್‌ಲೈನ್ ನಂಬರ್, ವೆಬ್‌ಸೈಟ್, ಇಮೇಲ್ ಇರಬೇಕು. ಯಾಹೂ, ಹಾಟ್‌ಮೇಲ್ ತರದ ಬಿಟ್ಟಿ ಇಮೇಲ್ ವಿಳಾಸ ಒಪ್ಪಲ್ಲ. ಕಾರಣ ಸರಳ: ಅವರು ಫೋನ್ ಮಾಡಿ ಪರಿಶೀಲನೆ ಮಾಡಬಹುದು. ಮೊಬೈಲ್ ನಂಬರ್ ಯಾರದ್ದು ಬೇಕಾದ್ರೂ ಆಗಿರಬಹುದಲ್ವಾ.

ಈಗ ತಿಪಟೂರಿನ ಮಂಡಿಗೆ ವೆಬ್‌ಸೈಟ್ ಎಲ್ಲಿಂದ ತರೋದು? ಒಂದು ಪತ್ರಕ್ಕೋಸ್ಕರ ರಾತ್ರೋರಾತ್ರಿ ವೆಬ್‌ಸೈಟ್ ಮಾಡಿಸೋದು ಬೇಡ, ನಿನ್ನೆ ಹುಟ್ಟಿದ ಸೈಟ್ ಅನುಮಾನ ಹೆಚ್ಚಿಸುತ್ತೆ. ನಾವು ಮಾಡಿದ್ದು ಇಷ್ಟು. ಗದ್ದಿಗೆ ಪಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಜೊತೆ ಬಂದ ಲ್ಯಾಂಡ್‌ಲೈನ್ ಧೂಳು ತಿಂತಾ ಇತ್ತು, ಆ ನಂಬರ್ ಹಾಕಿದ್ವಿ. ವೆಬ್‌ಸೈಟ್ ಇಲ್ಲ, ಇದು ಚಿಕ್ಕ ವ್ಯಾಪಾರ ಅಂತ ಪತ್ರದಲ್ಲೇ ಹೇಳಿದ್ವಿ. ಅದಕ್ಕೆ ಬದಲಾಗಿ ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ ಮತ್ತು ಎಪಿಎಂಸಿ ಲೈಸೆನ್ಸ್ ನಕಲು ಲಗತ್ತಿಸಿದ್ವಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಯಾರು ಬೇಕಾದ್ರೂ ವ್ಯಾಪಾರದ ವಿವರ ನೋಡಬಹುದು.

ಅಲ್ಲೇ ಇನ್ನೊಂದು ಸಿಕ್ತು. ಲೆಟರ್‌ಹೆಡ್‌ನಲ್ಲಿ ಇದ್ದಿದ್ದು ಮಂಡಿಯ ಹೆಸರು, ಜಿಎಸ್‌ಟಿಯಲ್ಲಿ ಲೀಗಲ್ ನೇಮ್ ಅಂತ ಇದ್ದಿದ್ದು ಯಜಮಾನ್ರ ಸ್ವಂತ ಹೆಸರು, ಬ್ಯಾಂಕಿನಲ್ಲಿ ಸಂಬಳ ಬಂದಿದ್ದೂ ಅವರ ಹೆಸರಿಂದ. ಒಬ್ಬರೇ ಮಾಲೀಕರಾದ ವ್ಯಾಪಾರದಲ್ಲಿ ಇದು ಸಹಜ. ಸಹಿಯ ಕೆಳಗೆ ಹೆಸರು ಬರೆದು "ಮಾಲೀಕರು" ಅಂತ, ಅದರ ಕೆಳಗೆ ಮಂಡಿಯ ಹೆಸರು ಹಾಕಿಸಿದ್ವಿ. ಈಗ ಮೂರೂ ಹೆಸರು ಒಂದಕ್ಕೊಂದು ಕೂಡಿಕೊಂಡ್ವು.

ಕೊನೆಗೆ, ಆ ಲ್ಯಾಂಡ್‌ಲೈನ್ ಎತ್ತೋ ಗುಮಾಸ್ತರಿಗೂ ಹೇಳಿಟ್ವಿ. ಇಲ್ಲದಿದ್ರೆ ಫೋನ್ ಬಂದಾಗ "ಆಯಮ್ಮ ಯಾರೋ ಗೊತ್ತಿಲ್ಲ ಸಾರ್" ಅಂದುಬಿಡ್ತಾರೆ.

ಕೊನೆಗೆ ಪತ್ರ ಹೀಗಾಯ್ತು

ಬರೆದಿದ್ದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಕೊಟ್ಟರೆ ಅನುವಾದವನ್ನೂ ಸೇರಿಸಬೇಕಾಗುತ್ತೆ. ತಿರುಳು ಇದು:

"ಇವರು 11 ಜನವರಿ 2021ರಿಂದ ನಮ್ಮಲ್ಲಿ ಲೆಕ್ಕಪತ್ರ ಸಹಾಯಕರಾಗಿ ಪೂರ್ಣಾವಧಿ ಕೆಲಸ ಮಾಡುತ್ತಿದ್ದಾರೆ. ಖರೀದಿ ಬಿಲ್, ರೈತರ ಪಾವತಿ ಮತ್ತು ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಲೆಕ್ಕ ನೋಡಿಕೊಳ್ಳುತ್ತಾರೆ. ಬ್ಯಾಂಕ್ ಮೂಲಕ ತಿಂಗಳಿಗೆ 17,000 ರೂಪಾಯಿ ಸಂಬಳ. ಉನ್ನತ ಓದಿಗಾಗಿ ರಾಜೀನಾಮೆ ಕೊಟ್ಟಿದ್ದು, ಜುಲೈ 31 ಅವರ ಕೊನೆಯ ಕೆಲಸದ ದಿನ. ಅವರು ಐರ್ಲೆಂಡ್‌ನಲ್ಲಿ ಓದಲು ನಮ್ಮ ಅಭ್ಯಂತರವಿಲ್ಲ. ವಿವರ ಬೇಕಾದರೆ ಕೆಳಗಿನ ನಂಬರಿಗೆ ಸಂಪರ್ಕಿಸಿ."

ಕೆಳಗೆ ತಾರೀಖು, ಪೆನ್ನಿನ ಸಹಿ, ಹೆಸರು, ಸೀಲು. ಅಷ್ಟೇ. ಅರ್ಧ ಪುಟ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ, ಕಾಗದ ಕಮ್ಮಿ ಇದ್ದು ತಿರಸ್ಕಾರ ಆದ್ರೆ ಐರ್ಲೆಂಡ್‌ನಲ್ಲಿ ಎರಡು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಸುಳ್ಳು ಅಥವಾ ದಾರಿ ತಪ್ಪಿಸೋ ದಾಖಲೆ ಅಂತಾದ್ರೆ ಮೇಲ್ಮನವಿ ಹಕ್ಕೇ ಹೋಗಬಹುದು, ಐದು ವರ್ಷ ವೀಸಾ ಇಲ್ಲದೇನೂ ಆಗಬಹುದು. ಕೆನಡಾದಲ್ಲೂ ಸುಳ್ಳು ಮಾಹಿತಿಗೆ ಐದು ವರ್ಷದ ತಡೆ ಇದೆ. ಸಹಿ ಮಾಡಿದ್ದು ಯಜಮಾನ್ರು, ಅನುಭವಿಸೋದು ಅರ್ಜಿದಾರರು.

ಸರ್ಕಾರಿ ನೌಕರಿಯಲ್ಲಿರೋರಿಗೆ ಒಂದು ಮಾತು. ಪಾಸ್‌ಪೋರ್ಟ್ ಮಾಡಿಸುವಾಗ ಕೊಡೋ ಎನ್‌ಒಸಿಯೇ ಬೇರೆ. ಅದಕ್ಕೆ ಅವರದ್ದೇ ನಿಗದಿತ ನಮೂನೆ ಇದೆ, ಎನ್‌ಒಸಿ ಸಿಗದಿದ್ದರೆ ಇಲಾಖೆಗೆ ಮುಂಚಿತವಾಗಿ ತಿಳಿಸಿದ ಪತ್ರದ ದಾರಿಯೂ ಇದೆ. ಅದನ್ನ ವೀಸಾ ಫೈಲ್‌ಗೆ ಹಾಕಿ ಕೂರಬೇಡಿ. ಹೊರದೇಶಕ್ಕೆ ಹೋಗೋಕೆ ಮತ್ತು ರಜೆಗೆ ಸಕ್ಷಮ ಅಧಿಕಾರಿಯ ಆದೇಶ ಬೇಕು, ಮುಖ್ಯೋಪಾಧ್ಯಾಯರ ಸಹಿ ಮಾತ್ರ ಸಾಲದು.

ಗೆಳತಿ ಹೊಸ ಪತ್ರಕ್ಕೆ ಸಹಿ ಹಾಕಿಸೋಕೆ ಹೋದಾಗ ಯಜಮಾನ್ರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ರಲ್ಲಿ ನಿನ್ ಬಗ್ಗೆ ಒಳ್ಳೇದು ಏನೂ ಬರ್ದೇ ಇಲ್ವಲ್ಲಮ್ಮ" ಅಂದರಂತೆ. ಅವಳು "ತಾರೀಖು ಸರಿ ಇದ್ರೆ ಅದೇ ಒಳ್ಳೇದು ಅಣ್ಣ" ಅಂದಳು. ಸೀಲು ಬಿತ್ತು.

ನಿಮ್ಮ ಪತ್ರ ಕೈಲಿದ್ದರೆ ಇವತ್ತು ರಾತ್ರಿ ಅದನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನಿಮ್ಮದೇ ಅರ್ಜಿ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ಮುಂದಿನ ವಾರ ಸಿಗೋಣ.