ಗಿಗಾಬಿಟ್ ಪ್ಲ್ಯಾನ್, ಒಂದೇ ಆಂಟೆನಾದ ಫೋನ್

ಮೈಸೂರಿನ ಒಂದು ಮನೆಗೆ ಹೊಸದಾಗಿ ಫೈಬರ್ ಸಂಪರ್ಕ ಬಂದಿದೆ ಎಂದಿಟ್ಟುಕೊಳ್ಳಿ. ಪ್ಲ್ಯಾನ್ ಒಂದು ಗಿಗಾಬಿಟ್‌ನದು, ಅಂದರೆ 1000 ಎಂಬಿಪಿಎಸ್. ಕೇಬಲ್ ಎಳೆದ ಹುಡುಗ ಹೊರಡುವ ಮುಂಚೆ ತನ್ನ ಲ್ಯಾಪ್‌ಟಾಪನ್ನು ರೂಟರಿಗೆ ವೈರಿನಲ್ಲಿ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸುತ್ತಾನೆ: 940. "ನೋಡಿ ಸಾರ್, ಫುಲ್ ಸ್ಪೀಡ್ ಬರ್ತಾ ಇದೆ." ಅವನು ಗೇಟು ದಾಟುವಷ್ಟರಲ್ಲಿ ಮನೆಯ ಯಜಮಾನರು ತಮ್ಮ ಫೋನಿನಲ್ಲಿ ಅದೇ ಟೆಸ್ಟ್ ಮಾಡುತ್ತಾರೆ. ರೂಟರಿನ ಪಕ್ಕದಲ್ಲೇ ನಿಂತಿದ್ದರೂ 280ರ ಆಚೆ ಮುಳ್ಳು ಏಳುವುದಿಲ್ಲ. ಮಗಳ ಹೊಸ ಲ್ಯಾಪ್‌ಟಾಪಿನಲ್ಲಿ ವೈ-ಫೈ ಮೂಲಕವೇ 750 ಬರುತ್ತದೆ.

ಕಂಪನಿಯವರು ಮೋಸ ಮಾಡಿದರು ಎಂದು ದೂರು ಕೊಡುವ ಮೊದಲು ಒಂದು ವಿಷಯ ಗಮನಿಸಬೇಕು. ಮೂರೂ ಅಂಕಿಗಳು ಸರಿಯಾಗಿವೆ. ಮನೆಯವರೆಗೆ ಗಿಗಾಬಿಟ್ ಬಂದಿದೆ; ಅಲ್ಲಿಂದ ಮುಂದೆ ಎಷ್ಟು ಸಾಗುತ್ತದೆ ಎಂಬುದನ್ನು ಆ ಫೋನಿನೊಳಗಿನ ಆಂಟೆನಾಗಳ ಲೆಕ್ಕ ತೀರ್ಮಾನಿಸುತ್ತಿದೆ.

ವೈ-ಫೈ ದತ್ತಾಂಶವನ್ನು ಕಳಿಸುವ ಒಂದೊಂದು ಧಾರೆಗೆ ಸ್ಪೇಷಿಯಲ್ ಸ್ಟ್ರೀಮ್ ಎನ್ನುತ್ತಾರೆ. ಒಂದೇ ಚಾನೆಲ್‌ನಲ್ಲಿ, ಒಂದೇ ಹೊತ್ತಿಗೆ, ಎರಡು ಆಂಟೆನಾಗಳು ಬೇರೆ ಬೇರೆ ಮಾಹಿತಿ ಕಳಿಸಿದರೆ ಅದು ಎರಡು ಸ್ಟ್ರೀಮ್. ಅವೆರಡೂ ಗಾಳಿಯಲ್ಲಿ ಕಲಸಿಹೋಗುವುದಿಲ್ಲವೇ? ಖಂಡಿತ ಕಲಸಿಹೋಗುತ್ತವೆ. ಬಿಡಿಸುವ ಉಪಾಯ ಮಾತ್ರ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಲ್ಲರೂ ಮಾಡಿದ್ದೇ. x ಮತ್ತು y ಎಂಬ ಎರಡು ಗೊತ್ತಿಲ್ಲದ ಬೆಲೆಗಳನ್ನು ಕಂಡುಹಿಡಿಯಲು ಎರಡು ಸಮೀಕರಣ ಬೇಕು. ರೂಟರಿನಿಂದ ಹೊರಟ ಅಲೆಗಳು ಗೋಡೆಗೆ, ಬೀರುವಿಗೆ, ನೆಲಕ್ಕೆ ಬಡಿದು ಫೋನಿನ ಎರಡು ಆಂಟೆನಾಗಳನ್ನು ತಲುಪುವಾಗ ಒಂದೊಂದರಲ್ಲೂ ಮಿಶ್ರಣದ ಪ್ರಮಾಣ ಬೇರೆಯಾಗಿರುತ್ತದೆ. ಅಲ್ಲಿಗೆ ಎರಡು ಸಮೀಕರಣ ಸಿಕ್ಕಿತು. ಚಿಪ್ ಅವನ್ನು ಬಿಡಿಸಿ ಎರಡೂ ಧಾರೆಗಳನ್ನು ಬೇರ್ಪಡಿಸುತ್ತದೆ. ಫೋನಿನಲ್ಲಿ ವೈ-ಫೈಗೆ ಇರುವುದು ಒಂದೇ ಆಂಟೆನಾ ಆದರೆ ಸಿಗುವುದು ಒಂದೇ ಸಮೀಕರಣ. ಅದರಿಂದ ಎರಡು ಬೆಲೆ ತೆಗೆಯಲು ಯಾರಿಂದಲೂ ಆಗದು, ರೂಟರಿಗೆ ನಾಲ್ಕು ಆಂಟೆನಾ ಇದ್ದರೂ ಅಷ್ಟೇ, ಎಂಟು ಇದ್ದರೂ ಅಷ್ಟೇ.

ಈ ತಂತ್ರಕ್ಕೆ ಮೈಮೋ ಎಂದು ಹೆಸರು. ಇದರ ಮೂಲ ಪೇಟೆಂಟ್ 1994ರಲ್ಲಿ ಸಿಕ್ಕಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲತ್ ಅವರಿಗೆ. ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದ ಪೌಲ್‌ರಾಜ್ ಅಮೆರಿಕಕ್ಕೆ ಹೋಗುವ ಮುಂಚೆ ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಸಂಶೋಧನಾ ಕೇಂದ್ರವಾದ ಸಿಎಐಆರ್ ಅನ್ನು ಕಟ್ಟಿದವರು. ಮನೆಯ ಗೋಡೆಗಳಿಂದ ತಿರುಗಿ ಬರುವ ಪ್ರತಿಫಲನಗಳನ್ನು ಹಿಂದೆ ರೇಡಿಯೋ ಎಂಜಿನಿಯರುಗಳು ತೊಂದರೆ ಎಂದೇ ನೋಡುತ್ತಿದ್ದರು. ಮೈಮೋದಲ್ಲಿ ಅವೇ ಬಂಡವಾಳ. 2009ರ ವೈ-ಫೈ 4 ಮಾನದಂಡದೊಂದಿಗೆ ಇದು ಮನೆಮನೆಗೆ ಬಂತು.

ಈಗ ಯಜಮಾನರ ಫೋನಿನ 280ಕ್ಕೆ ಬರೋಣ. ಅದು ವೈ-ಫೈ 5ರ ಒಂದು ಸ್ಟ್ರೀಮಿನ ಫೋನು. ಕಡಿಮೆ ಬೆಲೆಯ ಬಹಳಷ್ಟು ಫೋನುಗಳು ಹೀಗೇ ಇರುತ್ತವೆ. ಎರಡನೇ ಆಂಟೆನಾ, ಅದರ ಜೊತೆಗಿನ ರೇಡಿಯೋ ಭಾಗ ಎಂದರೆ ಖರ್ಚು, ಜಾಗ, ಬ್ಯಾಟರಿ ಮೂರೂ ಬೇಕು. ವೈ-ಫೈ 5ರಲ್ಲಿ ಸಾಮಾನ್ಯವಾಗಿ ಬಳಸುವ 80 ಮೆಗಾಹರ್ಟ್ಸ್ ಅಗಲದ ಚಾನೆಲ್ಲನ್ನು 234 ಸಣ್ಣ ದತ್ತಾಂಶ ವಾಹಕಗಳಾಗಿ ಹಂಚಿರುತ್ತಾರೆ. ಸಿಗ್ನಲ್ ಅತ್ಯುತ್ತಮವಾಗಿದ್ದಾಗ ಒಂದೊಂದೂ ಒಂದು ಸಲಕ್ಕೆ 8 ಬಿಟ್ ಹೊರುತ್ತದೆ. ಒಟ್ಟು 1872. ಅದರಲ್ಲಿ ಆರನೇ ಒಂದು ಭಾಗ ತಪ್ಪು ತಿದ್ದುವುದಕ್ಕೆ ಮೀಸಲು, ಉಳಿದದ್ದು 1560 ಬಿಟ್. ಇಷ್ಟನ್ನು ಕಳಿಸಲು 3.6 ಮೈಕ್ರೋಸೆಕೆಂಡ್ ಬೇಕು. ಭಾಗಿಸಿದರೆ 433 ಎಂಬಿಪಿಎಸ್. ಈ ಚಾನೆಲ್‌ನಲ್ಲಿ ಆ ಫೋನಿನ ಮಿತಿ ಇದು. ಪ್ಲ್ಯಾನ್ ಎಷ್ಟೇ ದೊಡ್ಡದಾಗಲಿ ದಾಟುವಂತಿಲ್ಲ.

433 ಇರಬೇಕಾದಲ್ಲಿ 280 ಏಕೆ? ವೈ-ಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಕಳಿಸುವ ಮುನ್ನ ಗಾಳಿ ಖಾಲಿ ಇದೆಯೇ ಎಂದು ಕಾಯಬೇಕು, ಪ್ರತಿ ಕಂತಿನ ಮೊದಲು ಪೀಠಿಕೆ ಕಳಿಸಬೇಕು, ತಲುಪಿತು ಎಂಬ ಉತ್ತರಕ್ಕೆ ನಿಲ್ಲಬೇಕು. ಪಕ್ಕದ ಮನೆಯ ರೂಟರೂ ಅದೇ ಚಾನೆಲ್‌ನಲ್ಲಿದ್ದರೆ ಅದಕ್ಕೂ ಸರದಿ ಬಿಡಬೇಕು. ಈ ಎಲ್ಲ ಕಳೆದು ಕೈಗೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಮಗಳ ಲ್ಯಾಪ್‌ಟಾಪ್ ವೈ-ಫೈ 6ರದ್ದು, ಎರಡು ಸ್ಟ್ರೀಮಿನದು. ಅದೇ 80 ಮೆಗಾಹರ್ಟ್ಸ್‌ನಲ್ಲಿ ಒಂದು ಸ್ಟ್ರೀಮಿಗೆ 600, ಎರಡಕ್ಕೆ 1201. ಅದರಲ್ಲಿ 750 ಬಂದರೆ ಏನೂ ಕೊರತೆ ಇಲ್ಲ.

ಜನ ಇಲ್ಲಿ ದುಡ್ಡು ಕಳೆದುಕೊಳ್ಳುವುದು ರೂಟರ್ ಬದಲಿಸಿ. ಪೆಟ್ಟಿಗೆಯ ಮೇಲೆ AX5400 ಎಂದು ದಪ್ಪಕ್ಷರದಲ್ಲಿರುತ್ತದೆ. ಆ 5400 ಯಾವ ಒಂದು ಫೋನಿಗೂ ಸಿಗುವ ವೇಗವಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡಿನ 574 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 4804 ಕೂಡಿಸಿ ಬರೆದ ಅಂಕಿ ಅದು. ಆ 4804 ಬರಬೇಕಾದರೆ ಎದುರಿನ ಸಾಧನಕ್ಕೂ ನಾಲ್ಕು ಸ್ಟ್ರೀಮ್, 160 ಮೆಗಾಹರ್ಟ್ಸ್ ಚಾನೆಲ್ ಎರಡೂ ಇರಬೇಕು. ಯಜಮಾನರ ಫೋನು ಅದರೊಡನೆಯೂ 433ರಲ್ಲೇ ಮಾತಾಡುತ್ತದೆ. ಹೆಚ್ಚು ಆಂಟೆನಾದ ರೂಟರಿನಿಂದ ಲಾಭವೇ ಇಲ್ಲ ಎಂದಲ್ಲ. ಒಂದು ಗೋಡೆ ಆಚೆಗೂ ಆ ವೇಗ ಹೆಚ್ಚು ಕುಸಿಯದೆ ನಿಲ್ಲಬಹುದು. ಮಿತಿ ಮಾತ್ರ ಮೇಲೇರುವುದಿಲ್ಲ.

ತಮ್ಮ ಸಾಧನ ಎಷ್ಟು ಸ್ಟ್ರೀಮಿನದು ಎಂದು ಯಾರು ಬೇಕಾದರೂ ನೋಡಿಕೊಳ್ಳಬಹುದು. ರೂಟರ್ ಇರುವ ಕೋಣೆಯಲ್ಲೇ ನಿಂತು, ಏನಾದರೂ ಡೌನ್‌ಲೋಡ್ ಆಗುತ್ತಿರುವಾಗ, ಆಂಡ್ರಾಯ್ಡ್ ಫೋನಿನ ವೈ-ಫೈ ಸೆಟ್ಟಿಂಗ್‌ನಲ್ಲಿ ಕನೆಕ್ಟ್ ಆಗಿರುವ ನೆಟ್‌ವರ್ಕಿನ ವಿವರ ತೆರೆದರೆ ಬಹುತೇಕ ಫೋನುಗಳಲ್ಲಿ ಲಿಂಕ್ ಸ್ಪೀಡ್ ಕಾಣುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಬೇಕು:

```
netsh wlan show interfaces
```

ಬರುವ ಪಟ್ಟಿಯಲ್ಲಿ Radio type ಮತ್ತು Receive rate ಎಂಬ ಸಾಲುಗಳನ್ನು ನೋಡಿದರೆ ಸಾಕು. 802.11ac ಎಂದರೆ ವೈ-ಫೈ 5, 802.11ax ಎಂದರೆ ವೈ-ಫೈ 6. ವೇಗ 433 ಇದ್ದರೆ ಒಂದು ಸ್ಟ್ರೀಮ್, 866 ಇದ್ದರೆ ಎರಡು. ಬರೀ 72 ಕಂಡರೆ ಬೇರೆ ಕಥೆ: ಸಾಧನ 5 ಗಿಗಾಹರ್ಟ್ಸ್ ಬಿಟ್ಟು 2.4ರಲ್ಲಿ ಕೂತಿದೆ, ಅದೂ 20 ಮೆಗಾಹರ್ಟ್ಸ್ ಅಗಲದಲ್ಲಿ, ಒಂದೇ ಸ್ಟ್ರೀಮಿನಲ್ಲಿ. ಎರಡು ಬ್ಯಾಂಡಿಗೂ ಒಂದೇ ಹೆಸರಿಟ್ಟ ಮನೆಗಳಲ್ಲಿ ಇದು ಆಗಾಗ ಆಗುತ್ತದೆ. ರೂಟರಿನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ಅದಕ್ಕೇ ಸೇರಿಸಿದರೆ ಪೈಸೆ ಖರ್ಚಿಲ್ಲದೆ ವೇಗ ಹಲವು ಪಟ್ಟು ಏರುತ್ತದೆ.

433ರಲ್ಲಿ ನಿಂತ ಫೋನಿಗೆ ಮದ್ದಿಲ್ಲ, ಲ್ಯಾಪ್‌ಟಾಪಿಗೆ ಇರಬಹುದು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಕಾಣುವ ರಿಯಲ್‌ಟೆಕ್ RTL8821CE ಒಂದು ಸ್ಟ್ರೀಮಿನ ಕಾರ್ಡು. ಅದರ ಜಾಗಕ್ಕೆ ಇಂಟೆಲ್ AX210ನಂಥ ಎರಡು ಸ್ಟ್ರೀಮಿನ ಕಾರ್ಡನ್ನು ರಿಪೇರಿ ಅಂಗಡಿಯಲ್ಲಿ ಹಾಕಿಸಬಹುದು. AX201 ಎಂಬ ಹೆಸರಿನದನ್ನು ತರಬಾರದು. ಅದು ಇಂಟೆಲ್‌ನ ಕೆಲವು ಪ್ರೊಸೆಸರುಗಳ ಜೊತೆಗಷ್ಟೇ ಕೆಲಸ ಮಾಡುತ್ತದೆ. ಕಾರ್ಡು ಕೊಳ್ಳುವ ಮೊದಲು ಹಿಂಬದಿ ಬಿಚ್ಚಿಸಿ, ಹಳೆಯ ಕಾರ್ಡಿನ ಬಳಿ ಎಷ್ಟು ತೆಳು ಆಂಟೆನಾ ವೈರುಗಳಿವೆ ಎಂದು ನೋಡಬೇಕು. ಎರಡು ಇದ್ದರೆ ಕೆಲಸ ಸುಲಭ. ಒಂದೇ ಇದ್ದರೆ ಪರದೆಯ ಅಂಚಿನವರೆಗೆ ಇನ್ನೊಂದನ್ನು ಎಳೆಯಬೇಕಾಗುತ್ತದೆ. ಅಷ್ಟು ರಗಳೆಗಿಂತ ಯುಎಸ್‌ಬಿ-ಈಥರ್ನೆಟ್ ಅಡಾಪ್ಟರ್ ಕೊಂಡು ವೈರಿನಲ್ಲೇ ಗಿಗಾಬಿಟ್ ಪಡೆಯುವುದು ಮೇಲು.