ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ? ನಾನು ಹೇಳಿದ್ದು ತಪ್ಪು

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಸಂಚಿಕೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 16,100 ಕಿಲೋಮೀಟರ್ ಅಂದಿದ್ದೆ. ಗೋಡೆಯ ಭೂಪಟದಲ್ಲಿ ಪೂರ್ವಕ್ಕೆ ಒಂದು ನೇರ ಗೆರೆ ಎಳೆದು, ಆ ಗೆರೆಯ ಉದ್ದ ಲೆಕ್ಕ ಹಾಕಿದ್ದೆ. ಒಬ್ಬ ಕೇಳುಗರು ಬರೆದರು: "ಮಗಳನ್ನ ನೋಡೋಕೆ ಹೋಗುವಾಗ ಸೀಟಿನ ಮುಂದಿನ ಪರದೆಯಲ್ಲಿ 14,000 ಅಂತಿತ್ತಲ್ಲಪ್ಪಾ?" ಅವರು ಹೇಳಿದ್ದೇ ಸರಿ. ನಾನು 2,000 ಕಿಲೋಮೀಟರ್ ಜಾಸ್ತಿ ಹೇಳಿದ್ದೆ.

ತಪ್ಪಾಗಿದ್ದು ಎಲ್ಲಿ? ಭೂಪಟದ ನೇರ ಗೆರೆ ಚೆಂಡಿನ ಮೇಲೆ ನೇರ ಅಲ್ಲ. ಒಂದು ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಬೆಂಗಳೂರಿನಿಂದ ಪೂರ್ವಕ್ಕೆ ಹೋಗೋದೇ ಇಲ್ಲ. ಉತ್ತರ ದಿಕ್ಕಿನಿಂದ ಬರೀ 20 ಡಿಗ್ರಿ ಬಲಕ್ಕೆ ವಾಲಿ, ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಮೇಲೇರಿ, ಆಮೇಲೆ ಕೆಳಗಿಳಿಯುತ್ತೆ.

ಈ ದಾರದ ಉದ್ದ ಕಂಡುಹಿಡಿಯೋಕೆ ಮೂರನೇ ಬಿಂದು ಒಂದು ಬೇಕು. ಅದು ಉತ್ತರ ಧ್ರುವ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ, ಧ್ರುವ, ಈ ಮೂರನ್ನೂ ಸೇರಿಸಿದರೆ ಒಂದು ಗೋಳ ತ್ರಿಕೋನ. ಇದರ ವಿಶೇಷ ಏನಂದ್ರೆ, ಬಾಹುಗಳನ್ನೂ ಡಿಗ್ರಿಯಲ್ಲೇ ಅಳೀತೀವಿ: ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಎರಡು ಊರುಗಳ ನಡುವೆ ಎಷ್ಟು ಕೋನ ಕಾಣುತ್ತೋ ಅಷ್ಟು. ಬೆಂಗಳೂರು ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರದಲ್ಲಿದೆ, ಹಾಗಾಗಿ ಧ್ರುವಕ್ಕೆ 76.80 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ 37.62, ಅಲ್ಲಿಂದ ಧ್ರುವಕ್ಕೆ 52.38. ಧ್ರುವದಲ್ಲಿರುವ ಕೋನ ಅಂದರೆ ರೇಖಾಂಶಗಳ ವ್ಯತ್ಯಾಸ. ಇಲ್ಲಿ ಪೂರ್ವ 77.71, ಅಲ್ಲಿ ಪಶ್ಚಿಮ 122.38. ಕೂಡಿದರೆ 200.09. ಅದು ಸುತ್ತುದಾರಿಯ ಕಡೆಯ ಕೋನ, 360ರಿಂದ ಕಳೆದರೆ 159.91.

ಎರಡು ಬಾಹು, ನಡುವಿನ ಕೋನ ಗೊತ್ತಿದ್ದರೆ ಮೂರನೇ ಬಾಹು ಹೇಗೆ ಅಂತ ಶಾಲೆಯಲ್ಲಿ ಕೊಸೈನ್ ನಿಯಮ ಕಲಿತಿರ್ತೀವಿ. ಗೋಳದ ಮೇಲೆ ಅದರ ರೂಪ ಹೀಗಿದೆ:

```
cos c = cos a · cos b + sin a · sin b · cos C
```

ಬಾಹು ಅಂದರೆ 90ರಿಂದ ಅಕ್ಷಾಂಶ ಕಳೆದದ್ದು ತಾನೆ? ಹಾಗಾಗಿ ಬಾಹುವಿನ ಕೊಸೈನ್ ಬದಲು ಅಕ್ಷಾಂಶದ ಸೈನ್ ಹಾಕಬಹುದು. ನಮ್ಮ ಅಂಕಿ ಹಾಕಿದರೆ ಮೊದಲ ಭಾಗ 0.1394, ಎರಡನೆಯದು ಮೈನಸ್ 0.7242. ಒಟ್ಟು ಮೈನಸ್ 0.5848. ಇಷ್ಟು ಕೊಸೈನ್ ಇರುವ ಕೋನ 125.79 ಡಿಗ್ರಿ. ಒಂದು ಡಿಗ್ರಿಗೆ 111.2 ಕಿಲೋಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 13,990 ಕಿಲೋಮೀಟರ್.

ಧ್ರುವದ ಮೇಲೇ ಹಾದು ಹೋದರೆ? ಎರಡು ಬಾಹು ಕೂಡಿಸಿ: 129.18 ಡಿಗ್ರಿ, ಅಂದರೆ 14,360 ಕಿಲೋಮೀಟರ್. ಬರೀ 370 ಹೆಚ್ಚು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲೆ ತಂದಿದ್ದು ನೆನಪಿರಬಹುದು. ಅದು ಸುತ್ತುಬಳಸು ದಾರಿ ಅಲ್ಲ ಅಂತ ಈಗ ಲೆಕ್ಕವೇ ಹೇಳ್ತಿದೆ.

ಎಕ್ಸೆಲ್‌ನಲ್ಲಿ ಮಾಡೋರಿಗೆ ಎರಡು ಮಾತು, ನಾನೇ ಎಡವಿದ ಜಾಗಗಳು. ಒಂದು, ಎಕ್ಸೆಲ್‌ಗೆ ಡಿಗ್ರಿ ಅರ್ಥ ಆಗಲ್ಲ, `RADIANS` ಹಾಕಲೇಬೇಕು. ಎರಡು, ಪಶ್ಚಿಮ ರೇಖಾಂಶಕ್ಕೆ ಮೈನಸ್ ಮರೆಯಬೇಡಿ. ನಾನು ಮರೆತಾಗ 5,175 ಕಿಲೋಮೀಟರ್ ಬಂತು. ಪೂರ್ವ 122.38 ಅಂದರೆ ಚೀನಾದ ಶಾಂಡೊಂಗ್ ಕರಾವಳಿಯ ಹತ್ತಿರದ ಕಡಲು! ಉತ್ತರ ಬಂದ ಮೇಲೆ ಗ್ಲೋಬ್ ಮೇಲೆ ದಾರ ಇಟ್ಟು ತಾಳೆ ನೋಡಿ.

ಇನ್ನು ಈ ಸೂತ್ರದ ಮಿತಿ. ಪಕ್ಕದ ಬೀದಿಗೆ ಇದನ್ನ ಬಳಸಬೇಡಿ. ನೂರು ಮೀಟರ್ ದೂರದ ಕೊಸೈನ್ 0.99999999988. ಎಂಟು ಅಂಕಿಯ ಕ್ಯಾಲ್ಕುಲೇಟರ್ ಅದನ್ನ 1 ಅಂತಲೇ ಓದುತ್ತೆ, ದೂರ ಸೊನ್ನೆ ಅನ್ನುತ್ತೆ. ಅದರ ಮುಂದಿನ ಮೆಟ್ಟಿಲು 0.99999999, ಅದಕ್ಕೆ ದೂರ 900 ಮೀಟರ್! ನಡುವೆ ಏನೂ ಕಾಣಿಸಲ್ಲ. ಹತ್ತಿರದ ದೂರಕ್ಕೆ ಹ್ಯಾವರ್‌ಸೈನ್ ಅನ್ನೋ ಸೂತ್ರ ಇದೆ, ಅದು ಇದೇ ನಿಯಮವನ್ನ ಬೇರೆ ರೀತಿ ಬರೆದದ್ದು. ಇನ್ನೊಂದು, ಭೂಮಿ ಪೂರ್ತಿ ಗೋಳ ಅಲ್ಲ, ಧ್ರುವದ ಕಡೆ ಸ್ವಲ್ಪ ಚಪ್ಪಟೆ. ಅದರಿಂದ ಶೇಕಡಾ ಅರ್ಧದಷ್ಟು ವ್ಯತ್ಯಾಸ ಬರಬಹುದು. ಗಾಳಿ ನೋಡಿಕೊಂಡು ಪೈಲಟ್ ದಾರಿ ಬದಲಿಸೋದು ಬೇರೆ.

ಕಳೆದ ಸಂಚಿಕೆಯ ಆ ಭಾಗ ತಿದ್ದಿದ್ದೀನಿ. ಪತ್ರ ಬರೆದ ಆಂಟಿಗೆ ಥ್ಯಾಂಕ್ಸ್. ಮುಂದಿನ ಸಲ ಹೋಗುವಾಗ ಕಿಟಕಿ ಪಕ್ಕ ಕೂತರೆ, ಕೆಳಗೆ ಏನು ಕಾಣ್ತು ಅಂತ ಬರೀರಿ.