ಕ್ಯೂಬ್ ಮೇಲೆ ಬರೆಯೋ ನಂಬರ್: ಹೊಸ ಸ್ಯಾಂಪಲ್ ಐಡಿ ಹೇಗೆ ಓದೋದು?

ಕಾಂಕ್ರೀಟ್ ಲ್ಯಾಬ್‌ನ ಮ್ಯಾನೇಜರ್ ಮೇಡಂ ತಮ್ಮ ಸಹೋದ್ಯೋಗಿಗಳಿಗೆ ಕಳಿಸಿದ ಇಮೇಲ್‌ನ ಪ್ರಿಂಟ್ ಈಗ ಲ್ಯಾಬ್ ಬಾಗಿಲಿಗೆ ಅಂಟಿಸಿದೆ. ವಿಷಯ ಇಷ್ಟೇ: ಇನ್ಮುಂದೆ ಪ್ರತಿ ಸ್ಯಾಂಪಲ್‌ಗೂ ತಾರೀಖು ಮತ್ತು ಕ್ರಮಸಂಖ್ಯೆ ಸೇರಿದ ಒಂದು ಐಡಿ. ಇಮೇಲ್ ಇಂಗ್ಲಿಷ್‌ನಲ್ಲಿದೆ, ಚಿಕ್ಕದೂ ಇದೆ. ಅದರ ಹಿಂದಿನ ಲೆಕ್ಕಾಚಾರ ನಮಗೆ ಇಷ್ಟವಾಯ್ತು, ಅದಕ್ಕೇ ಬಿಡಿಸಿ ಬರೀತಿದ್ದೇವೆ.

ಹೊಸ ಐಡಿ ಹೀಗಿರುತ್ತೆ:

```
20260304-012
```

ಅಂದ್ರೆ 2026ರ ಮಾರ್ಚ್ 4ರಂದು ರಿಜಿಸ್ಟರ್‌ಗೆ ಬಂದ ಹನ್ನೆರಡನೇ ಸ್ಯಾಂಪಲ್. ಇದುವರೆಗೆ ಇದನ್ನೇ 4-3-12 ಅಂತ ಬರೀತಿದ್ರು. ಅದು ಮಾರ್ಚ್ 4ರ 12ನೇ ಕ್ಯೂಬಾ, ಏಪ್ರಿಲ್ 3ರದ್ದಾ, ಅಥವಾ 2012ನೇ ಇಸವಿಯಾ? ಎಕ್ಸೆಲ್‌ನಲ್ಲಿ ಟೈಪ್ ಮಾಡಿದ್ರೆ ಅದು ಕೇಳೋಕೂ ಹೋಗಲ್ಲ, ಸೀದಾ ತಾರೀಖು ಮಾಡಿಬಿಡುತ್ತೆ. (ಇದು ನಮ್ಮ ಲ್ಯಾಬ್‌ನ ಗೋಳು ಮಾತ್ರ ಅಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಸಮಿತಿ 2020ರಲ್ಲಿ `MARCH1` ಅನ್ನೋ ಹೆಸರನ್ನ `MARCHF1` ಅಂತ ಬದಲಾಯಿಸಿತ್ತು. ಎಕ್ಸೆಲ್ ಅದನ್ನ ಮಾರ್ಚ್ 1 ಅಂತ ಓದ್ತಿತ್ತು!)

ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಯಾಕೆ? ಕಂಪ್ಯೂಟರ್ ಇಂಥ ಐಡಿಯನ್ನ ಎಡದಿಂದ ಒಂದೊಂದೇ ಅಕ್ಷರ ಹೋಲಿಸಿ ಜೋಡಿಸುತ್ತೆ. ದಿನ ಮೊದಲಿದ್ರೆ ಮಾರ್ಚ್ 4 ಮೇಲೆ ಹೋಗುತ್ತೆ, ಫೆಬ್ರವರಿ 28 ಕೆಳಗೆ ಬೀಳುತ್ತೆ. ವರ್ಷದಿಂದ ಶುರು ಮಾಡಿದ್ರೆ ಅಕ್ಷರದ ಕ್ರಮವೇ ಕಾಲದ ಕ್ರಮ. 012ರಲ್ಲಿರೋ ಸೊನ್ನೆಯೂ ಇದೇ ಕಾರಣಕ್ಕೆ. ಇಲ್ಲಾಂದ್ರೆ 1 ಆದ್ಮೇಲೆ 10, 11, 12 ಬಂದು ಆಮೇಲೆ 2 ಬರುತ್ತೆ. ಮಧ್ಯದ ಗೆರೆಗೂ ಕೆಲಸ ಇದೆ: ಅದಿರೋದ್ರಿಂದ ಎಕ್ಸೆಲ್ ಇದನ್ನ ಸಂಖ್ಯೆ ಅಂದ್ಕೊಳ್ಳದೆ ಬರೀ ಪಠ್ಯವಾಗಿ ಬಿಡುತ್ತೆ.

ಇಮೇಲ್‌ನಲ್ಲಿ ದಪ್ಪ ಅಕ್ಷರದಲ್ಲಿರೋದು ಒಂದೇ ವಾಕ್ಯ: ಐಡಿಯಲ್ಲಿರೋದು ರಿಜಿಸ್ಟರ್‌ಗೆ ಬಂದ ತಾರೀಖು, ಎರಕ ಹೊಯ್ದ ತಾರೀಖಲ್ಲ. ನಾವು ಲ್ಯಾಬ್‌ನಲ್ಲೇ ಹೊಯ್ದ ಕ್ಯೂಬ್‌ಗೆ ಎರಡೂ ಒಂದೇ ದಿನ. ಆದ್ರೆ ಹೊರಗಿನ ಸೈಟ್‌ನಿಂದ ಬರೋ ಕ್ಯೂಬ್‌ಗಳು ಮೂರು ದಿನ ಹಳೆಯವಿರಬಹುದು. ಅವಕ್ಕೆ ಹಿಂದಿನ ತಾರೀಖು ಕೊಡೋಕೆ ಹೋದ್ರೆ, ಮುಗಿದುಹೋದ ದಿನದ ಪುಟ ತೆಗೆದು ನಂಬರ್ ತುರುಕಬೇಕಾಗುತ್ತೆ. ಅದಕ್ಕೇ ಎರಕದ ತಾರೀಖಿಗೆ ಬೇರೆ ಕಾಲಂ ಇದೆ. 7 ಮತ್ತು 28 ದಿನದ ಲೆಕ್ಕವನ್ನ ಆ ಕಾಲಂನಿಂದ ಹಾಕಬೇಕು, ಐಡಿ ನೋಡಿ ಹಾಕಬಾರದು.

ಒಂದು ಉದಾಹರಣೆ ನೋಡೋಣ. ಮಾರ್ಚ್ 4, ಬುಧವಾರ, ಒಂದು ಬ್ಯಾಚ್ ಎರಡು ಎಂ25 ಮಿಶ್ರಣ ಹೊಯ್ತು ಅಂದ್ಕೊಳ್ಳಿ, ತಲಾ ಆರು ಕ್ಯೂಬ್. ಮೊದಲ ಮಿಶ್ರಣಕ್ಕೆ 001ರಿಂದ 006, ಎರಡನೆಯದಕ್ಕೆ 007ರಿಂದ 012. ಪ್ರತಿ ಮಿಶ್ರಣದಲ್ಲೂ ಮೊದಲ ಮೂರು ಮಾರ್ಚ್ 11ಕ್ಕೆ, ಉಳಿದ ಮೂರು ಏಪ್ರಿಲ್ 1ಕ್ಕೆ ಮೆಷಿನ್ ಕೆಳಗೆ ಹೋಗುತ್ತವೆ. ಎರಡೂ ಬುಧವಾರವೇ. 7 ಮತ್ತು 28 ಎರಡೂ ಏಳರ ಗುಣಕ ಅಲ್ವಾ! ಭಾನುವಾರ ಹೊಯ್ಯೋ ಉತ್ಸಾಹಿಗಳು ಇದನ್ನ ನೆನಪಿಟ್ಕೊಳ್ಳಿ.

ಈಗ ಏಪ್ರಿಲ್ 1ಕ್ಕೆ ಮೊದಲ ಮಿಶ್ರಣದ ಮೂರು ಕ್ಯೂಬ್‌ಗಳ ಬಲ 26, 27 ಮತ್ತು 19 ಎಂಪಿಎ ಬಂತು ಅನ್ನಿ. ಸರಾಸರಿ 24. ಐಎಸ್ 456 ಪ್ರಕಾರ ಯಾವ ಕ್ಯೂಬೂ ಸರಾಸರಿಗಿಂತ ಶೇ. 15ಕ್ಕಿಂತ ಹೆಚ್ಚು ದೂರ ಹೋಗಬಾರದು, ಅಂದ್ರೆ ಇಲ್ಲಿ ಕನಿಷ್ಠ 20.4 ಇರಬೇಕು. 19 ಅದಕ್ಕಿಂತ ಕಡಿಮೆ, ಹಾಗಾಗಿ ಫಲಿತಾಂಶ ಅಸಿಂಧು. ಕ್ಯೂಬ್ ಸರಿಯಾಗಿ ಕುಟ್ಟಿರಲಿಕ್ಕಿಲ್ಲ, ಅಥವಾ ಇನ್ನೊಂದು ಮಿಶ್ರಣದ ಕ್ಯೂಬ್ ಬಂದು ಸೇರಿರಬಹುದು. ಹಾಗಾಗಿ ಮೊದಲು ಮುರಿದ ತುಂಡಿನ ಮೇಲಿರೋ ಐಡಿಯನ್ನ ರಿಜಿಸ್ಟರ್ ಜೊತೆ ಹೋಲಿಸಿ ನೋಡಬೇಕು. ಇದಕ್ಕಿಂತ ಅಪಾಯದ್ದು ಮೂರಕ್ಕೆ ಮೂರೂ ಅದಲುಬದಲಾಗೋದು. ಆಗ ಮೂರೂ ಒಂದಕ್ಕೊಂದು ಹೊಂದುತ್ತವೆ, ಶೇ. 15ರ ನಿಯಮ ಬಾಯಿಬಿಡಲ್ಲ, ತಪ್ಪು ಮಿಶ್ರಣದ ಹೆಸರಿಗೆ ಒಳ್ಳೆ ನಂಬರ್ ಹೋಗಿ ಕೂರುತ್ತೆ.

ಅದಕ್ಕೇ ನಂಬರ್ ಕೊಡೋದು ಒಂದೇ ರಿಜಿಸ್ಟರ್‌ನಿಂದ. ಇಬ್ಬರು ಎರಡು ಟೇಬಲ್‌ನಲ್ಲಿ ತಾವೇ ನಂಬರ್ ಹಾಕ್ಕೊಂಡ್ರೆ ಎರಡು 003 ಹುಟ್ಟುತ್ತವೆ. ಕ್ಯೂಬ್ ಅಚ್ಚಿನಿಂದ ತೆಗೆಯುವಾಗ ಮೂಲೆ ಒಡೆದು ಹಾಳಾದ್ರೆ, ಅದರ ಸಾಲಿಗೆ ಗೆರೆ ಎಳೆದು ಕಾರಣ ಬರೀಬೇಕು. ಆ ನಂಬರ್ ಇನ್ನೊಂದಕ್ಕೆ ಕೊಡೋ ಹಾಗಿಲ್ಲ. ಮಿಶ್ರಣದ ಹೆಸರು, ಗ್ರೇಡು, ಹೊಯ್ದವರ ಹೆಸರು ಯಾವುದೂ ಐಡಿಯೊಳಗೆ ಬರಲ್ಲ. ಅವೆಲ್ಲ ಆಮೇಲೆ ತಿದ್ದಬೇಕಾಗಬಹುದು, ಕ್ಯೂಬ್ ಮೇಲಿನ ಬಣ್ಣದ ಅಕ್ಷರ ತಿದ್ದೋಕಾಗಲ್ಲ.

ಈ ಐಡಿ ತಡೆಯಲಾರದ ತಪ್ಪೂ ಒಂದಿದೆ. 012 ಬರೆಯೋ ಕಡೆ 021 ಅಂತ ಬರೆದ್ರೆ, ಆ ದಿನ 21 ಸ್ಯಾಂಪಲ್ ಬಂದಿದ್ರೆ, ಎರಡೂ ಸರಿಯಾದ ಐಡಿಗಳೇ. ಅದಕ್ಕೆ ಇಮೇಲ್‌ನ ಕೊನೇ ಸಾಲಿನಲ್ಲಿ ಉಪಾಯ ಇದೆ: ಮೆಷಿನ್ ಹತ್ತಿರ ಒಬ್ಬರು ಕ್ಯೂಬ್ ಮೇಲಿನ ನಂಬರ್ ಜೋರಾಗಿ ಓದೋದು, ಇನ್ನೊಬ್ಬರು ರಿಜಿಸ್ಟರ್‌ನಲ್ಲಿ ಆ ಸಾಲಿನ ಮಿಶ್ರಣದ ಹೆಸರು ಓದಿ ಹೇಳೋದು, ಆಮೇಲೇ ಲೋಡ್ ಹಾಕೋದು.